ನ್ಯೂಜೆರ್ಸಿಯ ಡಬ್ಬಿ, ತಿಪಟೂರಿನ ಸ್ಟ್ರಿಪ್: ಹೊರದೇಶದ ಔಷಧದ ಚೀಟಿಯನ್ನು ಕನ್ನಡಕ್ಕೆ ತರುವವರಿಗೆ ಸಮಗ್ರ ಮಾರ್ಗದರ್ಶಿ

ಕಳೆದ ಶ್ರಾವಣದಲ್ಲಿ ತಿಪಟೂರು ಕಡೆಯ ಹಳ್ಳಿಯೊಂದರಿಂದ ಒಬ್ಬರು ತುಮಕೂರಿನ ನಮ್ಮ ಮನೆಗೆ ಎರಡು ಚೀಲ ಹಿಡಿದು ಬಂದರು. ಒಂದರಲ್ಲಿ ಅಮೆರಿಕದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಡಬ್ಬಿಗಳಿದ್ದವು, ಇನ್ನೊಂದರಲ್ಲಿ ಊರಿನ ಔಷಧ ಅಂಗಡಿಯ ಸ್ಟ್ರಿಪ್‌ಗಳು. ಎಪ್ಪತ್ತೆರಡು ವರ್ಷದ ಅವರ ತಾಯಿ ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಆರು ತಿಂಗಳಿದ್ದು, ಅಲ್ಲಿ ಉಸಿರಾಟದ ತೊಂದರೆಯಿಂದ ನಾಲ್ಕು ದಿನ ಆಸ್ಪತ್ರೆ ಸೇರಿ, ಗುಣವಾಗಿ ಊರಿಗೆ ಮರಳಿದ್ದರು. ಅಲ್ಲಿಯ ಡಿಸ್ಚಾರ್ಜ್ ಸಮ್ಮರಿಯನ್ನು ನಾನು ಕನ್ನಡ ಮಾಡಿಕೊಡಬೇಕಿತ್ತು. ಇಂಥ ಕಾಗದಗಳನ್ನು ಅನುವಾದಿಸುವುದೇ ನನ್ನ ಕೆಲಸ.

"ಅಮ್ಮ ಕನ್ನಡ ಚೆನ್ನಾಗಿ ಓದುತ್ತಾರೆ ಮೇಡಂ. ಯಾವ ಮಾತ್ರೆ ಯಾವಾಗ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಸಾಕು" ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು: "ವಾರದಿಂದ ಹನ್ನೊಂದು ಗಂಟೆಯ ಹೊತ್ತಿಗೆ ಕೈ ನಡುಗುತ್ತದೆ, ಮೈಯೆಲ್ಲ ಬೆವರುತ್ತದೆ ಎನ್ನುತ್ತಾರೆ. ಒಂದು ಚೂರು ಬೆಲ್ಲ ತಿಂದರೆ ಸರಿಹೋಗುತ್ತದೆ. ಪ್ರಯಾಣದ ಆಯಾಸ ಇರಬೇಕು."

ನಾನು ಅವರನ್ನು ಒಳಗೆ ಕರೆದು ಮತ್ತೆ ಕೂರಿಸಿದೆ. ಎರಡೂ ಚೀಲಗಳನ್ನು ಮೇಜಿನ ಮೇಲೆ ಸುರಿದೆವು. ಅಮೆರಿಕದ ಒಂದು ಡಬ್ಬಿಯ ಮೇಲೆ ಗ್ಲೈಬುರೈಡ್ ಎಂದಿತ್ತು, ಅದು ಸಕ್ಕರೆ ಕಾಯಿಲೆಯ ಮಾತ್ರೆ. ಊರಿನ ಒಂದು ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಗ್ಲಿಬೆನ್‌ಕ್ಲಮೈಡ್ ಎಂದಿತ್ತು. ತಾಯಿ ಎರಡನ್ನೂ ನುಂಗುತ್ತಿದ್ದರು. ಅಮೆರಿಕದ ವೈದ್ಯರು ಬರೆದದ್ದು ಹೊಸ ಔಷಧ, ಊರಿನದು ಹಳೆಯ ಔಷಧ ಎಂದು ಮನೆಯವರು ತಿಳಿದಿದ್ದರು. ಎರಡೂ ಒಂದೇ ಔಷಧ.

ಆ ದಿನ ಮೇಜಿನ ಮೇಲೆ ನಾವು ಮಾಡಿದ ಕೆಲಸವನ್ನೇ ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಇದು ಅನುವಾದವನ್ನು ವೃತ್ತಿಯಾಗಿ ಮಾಡುವವರಿಗೆ ಮಾತ್ರವಲ್ಲ, ಮನೆಯ ಹಿರಿಯರಿಗೆ ಚೀಟಿ ಓದಿ ಹೇಳುವ ಮಗ, ಸೊಸೆ, ಮೊಮ್ಮಕ್ಕಳಿಗೂ ಹೌದು.

ಒಂದು ಔಷಧಕ್ಕೆ ಇಷ್ಟು ಹೆಸರು ಏಕೆ

ಪ್ರತಿ ಔಷಧಕ್ಕೂ ಕನಿಷ್ಠ ಎರಡು ಹೆಸರು ಇರುತ್ತವೆ. ಒಳಗಿರುವ ವಸ್ತುವಿನ ಹೆಸರು ಒಂದು, ಅದನ್ನು ನಾವು ಜೆನೆರಿಕ್ ಹೆಸರು ಎನ್ನುತ್ತೇವೆ. ಮಾರುವ ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು ಇನ್ನೊಂದು.

ಜೆನೆರಿಕ್ ಹೆಸರು ಲೋಕಕ್ಕೆಲ್ಲ ಒಂದೇ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1950ರಲ್ಲಿ ನಿರ್ಣಯ ಮಾಡಿತು. 1953ರಲ್ಲಿ ಮೊದಲ ಪಟ್ಟಿ ಹೊರಬಂತು. ಇದನ್ನು ಅಂತರರಾಷ್ಟ್ರೀಯ ಹೆಸರು ಎಂದು ಕರೆಯೋಣ. ಆದರೆ ಅಮೆರಿಕ ತನ್ನ ಔಷಧಗಳಿಗೆ ತಾನೇ ಹೆಸರಿಡುವ ಏರ್ಪಾಡನ್ನು ಉಳಿಸಿಕೊಂಡಿತು. ಬ್ರಿಟನ್ನಿಗೂ ತನ್ನದೇ ಪಟ್ಟಿ ಇತ್ತು. ಇತ್ತೀಚಿನ ಔಷಧಗಳ ಹೆಸರು ಬಹುಪಾಲು ಎಲ್ಲೆಡೆ ಒಂದೇ ಆಗಿದೆ. ತೊಡಕು ಇರುವುದು ಹಳೆಯ ಕೆಲವು ಹೆಸರುಗಳಲ್ಲಿ. ದುರದೃಷ್ಟಕ್ಕೆ, ನಮ್ಮ ಹಿರಿಯರು ದಿನನಿತ್ಯ ನುಂಗುವುದು ಆ ಹಳೆಯ ಔಷಧಗಳನ್ನೇ.

ಜ್ವರದ ಮಾತ್ರೆಯನ್ನೇ ನೋಡಿ. ಪ್ಯಾರಾ-ಅಸಿಟೈಲ್-ಅಮಿನೊ-ಫಿನಾಲ್ ಎಂಬ ಒಂದೇ ರಾಸಾಯನಿಕ ಹೆಸರಿನಿಂದ ಒಂದು ಕಡೆಯವರು ಅಲ್ಲಲ್ಲಿ ಅಕ್ಷರ ಆರಿಸಿಕೊಂಡು ಪ್ಯಾರಾಸಿಟಮಾಲ್ ಎಂದರು, ಅಮೆರಿಕದವರು ಬೇರೆ ಅಕ್ಷರ ಆರಿಸಿಕೊಂಡು ಅಸಿಟಮಿನೊಫೆನ್ ಎಂದರು. ಮಗಳು ಕೊಟ್ಟು ಕಳಿಸಿದ ಟೈಲೆನಾಲ್ ಮತ್ತು ನಮ್ಮ ಅಂಗಡಿಯ ಡೋಲೊ ಒಳಗೆ ಒಂದೇ. ಅದೇ ರೀತಿ ಗೂರಲಿನವರು ಎಳೆದುಕೊಳ್ಳುವ ನಮ್ಮ ಸಾಲ್ಬ್ಯುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್. ಕ್ಷಯದ ರಿಫಾಂಪಿಸಿನ್ ಅಲ್ಲಿ ರಿಫಾಂಪಿನ್. ತಿಪಟೂರು ಕಡೆಯ ಆ ಅಜ್ಜಿಯ ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬುರೈಡ್. ಭಾರತ ಬ್ರಿಟಿಷರ ರೂಢಿಯನ್ನು ಹಿಡಿದುಕೊಂಡು ಬಂದದ್ದರಿಂದ ಮರಗಟ್ಟಿಸುವ ಔಷಧವನ್ನು ಇಂದಿಗೂ ಲಿಗ್ನೋಕೇನ್ ಎನ್ನುತ್ತೇವೆ. ಬ್ರಿಟನ್ನೇ ಆ ಹೆಸರು ಬಿಟ್ಟು ಅಂತರರಾಷ್ಟ್ರೀಯ ಹೆಸರಾದ ಲಿಡೋಕೇನ್‌ಗೆ ಬಂದಿದೆ.

ಬ್ರ್ಯಾಂಡ್ ಹೆಸರಿನ ಕತೆ ಇನ್ನೂ ಅಪಾಯದ್ದು. ವ್ಯಾಪಾರ ಚಿಹ್ನೆಯನ್ನು ಪ್ರತಿ ದೇಶದಲ್ಲೂ ಬೇರೆ ಬೇರೆಯಾಗಿ ನೋಂದಾಯಿಸಬೇಕು. ಒಂದು ದೇಶದಲ್ಲಿ ಸಿಕ್ಕ ಹೆಸರು ಇನ್ನೊಂದರಲ್ಲಿ ಆಗಲೇ ಬೇರೆಯವರ ಕೈಯಲ್ಲಿರಬಹುದು. ಹೀಗಾಗಿ ಒಂದೇ ಔಷಧಕ್ಕೆ ದೇಶಕ್ಕೊಂದು ಹೆಸರು ಬರುತ್ತದೆ. ಅದಕ್ಕಿಂತ ಭಯದ ವಿಷಯವೆಂದರೆ, ಒಂದೇ ಹೆಸರು ಎರಡು ದೇಶಗಳಲ್ಲಿ ಎರಡು ಬೇರೆ ಔಷಧಗಳಿಗೆ ಅಂಟಿಕೊಂಡಿರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಫ್ಲೋಮ್ಯಾಕ್ಸ್ ಎಂದರೆ ಅಮೆರಿಕದಲ್ಲಿ ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್, ಇಟಲಿಯಲ್ಲಿ ಊತ ಇಳಿಸುವ ಬೇರೆಯದೇ ಔಷಧ. ಡೈಲಾಕಾರ್ ಎಂದರೆ ಆಗ ಅಮೆರಿಕದಲ್ಲಿ ರಕ್ತದೊತ್ತಡಕ್ಕೆ ಕೊಡುವ ಡಿಲ್ಟಿಯಾಜೆಮ್, ಸರ್ಬಿಯಾದಲ್ಲಿ ಹೃದಯದ ಡಿಗಾಕ್ಸಿನ್. ಅಮೆರಿಕದ ರೋಗಿಯೊಬ್ಬರು ಸರ್ಬಿಯಾದಲ್ಲಿ ತಮ್ಮ ಚೀಟಿ ತೋರಿಸಿ ಅದೇ ಹೆಸರಿನ ಮಾತ್ರೆ ಪಡೆದರು, ಡಿಗಾಕ್ಸಿನ್ ಮೈಗೇರಿ ಕಾಯಿಲೆಬಿದ್ದರು. ಅಂಗಡಿಯವರು ಚೀಟಿಯಲ್ಲಿದ್ದ ಹೆಸರನ್ನೇ ಕೊಟ್ಟಿದ್ದರು.

ಹೀಗಾಗಿ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ನೇರವಾಗಿ ಎಂದೂ ದಾಟಬಾರದು. ಮೊದಲು ಬ್ರ್ಯಾಂಡಿನಿಂದ ಒಳಗಿನ ವಸ್ತುವಿಗೆ ಇಳಿಯಬೇಕು, ಅಲ್ಲಿಂದ ಈ ಕಡೆಗೆ ಹತ್ತಬೇಕು.

ಹೆಜ್ಜೆ 1: ಪಟ್ಟಿಯನ್ನಲ್ಲ, ಚೀಲವನ್ನು ತರಿಸಿ

ಕೇವಲ ಕಾಗದ ನೋಡಿ ಅನುವಾದ ಮಾಡಬೇಡಿ. ಮನೆಯಲ್ಲಿರುವ ಎಲ್ಲ ಔಷಧವನ್ನೂ ತರಲು ಹೇಳಿ: ಹೊರದೇಶದ್ದು, ಊರಿನದು, ನಿಲ್ಲಿಸಿದ್ದೇವೆ ಎಂದು ಹೇಳುವುದು, ದೇವರ ಮನೆಯ ಗೂಡಿನಲ್ಲಿಟ್ಟದ್ದು, ಪಕ್ಕದ ಮನೆಯವರು ಕೊಟ್ಟದ್ದು, ಎಲ್ಲವೂ. ಅಜ್ಜಿಯ ಡಿಸ್ಚಾರ್ಜ್ ಸಮ್ಮರಿಯನ್ನಷ್ಟೇ ನೋಡಿದ್ದರೆ ಅದರಲ್ಲಿ ಒಂದೂ ತಪ್ಪಿರಲಿಲ್ಲ. ನಾನು ಅಂದವಾಗಿ ಕನ್ನಡ ಮಾಡಿ ಕಳಿಸುತ್ತಿದ್ದೆ, ಅವರು ಎರಡೂ ಕಡೆಯ ಮಾತ್ರೆ ನುಂಗುವುದನ್ನು ಮುಂದುವರಿಸುತ್ತಿದ್ದರು.

ಸ್ಟ್ರಿಪ್ ಪೂರ್ತಿ ಇದೆಯೇ ನೋಡಿ. ನಮ್ಮ ಅಂಗಡಿಗಳಲ್ಲಿ ನಾಲ್ಕು ಮಾತ್ರೆ ಕೇಳಿದರೆ ಕತ್ತರಿಸಿ ಕೊಡುತ್ತಾರೆ. ಜೆನೆರಿಕ್ ಹೆಸರಿದ್ದ ತುಂಡು ಅಂಗಡಿಯಲ್ಲೇ ಉಳಿದು, ಬಣ್ಣದ ಬ್ರ್ಯಾಂಡಿನ ಅರ್ಧ ಹೆಸರು ಮಾತ್ರ ಮನೆಗೆ ಬಂದಿರುತ್ತದೆ. ಹಾಗಿದ್ದರೆ ಊಹೆ ಮಾಡಬೇಡಿ. ಅಂಗಡಿಗೆ ಫೋನ್ ಮಾಡಿ ಪೂರ್ತಿ ಸ್ಟ್ರಿಪ್ಪಿನ ಫೋಟೊ ತರಿಸಿಕೊಳ್ಳಿ.

ಹೆಜ್ಜೆ 2: ಪ್ರತಿ ಡಬ್ಬಿಯಿಂದ ಐದು ವಿಷಯ ಬರೆದುಕೊಳ್ಳಿ

ಬ್ರ್ಯಾಂಡ್ ಹೆಸರು, ಜೆನೆರಿಕ್ ಹೆಸರು, ಎಷ್ಟು ಪವರ್, ಯಾವ ರೂಪ, ಯಾವ ದೇಶದಲ್ಲಿ ಕೊಟ್ಟದ್ದು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಡೈಲಾಕಾರ್ ವಿಷಯದಲ್ಲಿ ಅಪಾಯ ತಪ್ಪಿಸಬಹುದಾಗಿದ್ದ ಮಾಹಿತಿ ಅದೇ.

ಭಾರತದ ಸ್ಟ್ರಿಪ್ಪಿನಲ್ಲಿ ಬ್ರ್ಯಾಂಡಿಗಿಂತ ಜೆನೆರಿಕ್ ಹೆಸರು ದೊಡ್ಡದಾಗಿರಬೇಕು ಎಂದು 2018ರಲ್ಲಿ ನಿಯಮ ಬಂದಿದೆ. ಮೂರು ಅಥವಾ ಹೆಚ್ಚು ಔಷಧ ಸೇರಿದ ಮಾತ್ರೆಗಳಿಗೆ ಅದು ಅನ್ವಯಿಸುವುದಿಲ್ಲ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಸೇರಿಸುವುದು ನಮ್ಮಲ್ಲಿ ಬಹಳ. ಆದ್ದರಿಂದ ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರದ ಸಾಲುಗಳನ್ನು ಕೊನೆಯವರೆಗೆ ಓದಿ. ಅಜ್ಜಿಯ ಊರಿನ ಮಾತ್ರೆ ಹಾಗೆಯೇ ಇತ್ತು: ಗ್ಲಿಬೆನ್‌ಕ್ಲಮೈಡ್ 5 ಮಿಲಿಗ್ರಾಂ, ಜೊತೆಗೆ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ.

ಅಮೆರಿಕದ ಡಬ್ಬಿಯಲ್ಲಿ ಇನ್ನೊಂದು ಅನುಕೂಲವಿದೆ. ಮಾತ್ರೆಯ ಬಣ್ಣ, ಆಕಾರ, ಮೇಲೆ ಒತ್ತಿರುವ ಅಕ್ಷರಗಳ ವಿವರ ಬಹಳಷ್ಟು ಲೇಬಲ್‌ಗಳಲ್ಲಿ ಇರುತ್ತದೆ. ಅಲ್ಲಿ ಮಾರುವ ಮಾತ್ರೆಗಳ ಮೇಲೆ ಹಾಗೆ ಗುರುತು ಒತ್ತಿರುವುದು ನಿಯಮ. ಡಬ್ಬಿ ತೆರೆದು ಒಳಗಿನ ಮಾತ್ರೆ ಲೇಬಲ್ಲಿನ ವಿವರಕ್ಕೆ ಹೊಂದುತ್ತದೆಯೇ ನೋಡಿ. ಖಾಲಿ ಡಬ್ಬಿಗೆ ಬೇರೆ ಮಾತ್ರೆ ತುಂಬಿಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಎಷ್ಟೊಂದು ಎಂದು ನಿಮಗೂ ಗೊತ್ತು.

ಹೆಜ್ಜೆ 3: ಅಂತರರಾಷ್ಟ್ರೀಯ ಹೆಸರಿಗೆ ಇಳಿಯಿರಿ, ಸಂಕೇತದಿಂದ ಖಚಿತಪಡಿಸಿಕೊಳ್ಳಿ

ಅಮೆರಿಕದ ಹೆಸರು ಸಿಕ್ಕ ಮೇಲೆ ಅದರ ಅಂತರರಾಷ್ಟ್ರೀಯ ಹೆಸರು ಹುಡುಕಬೇಕು. ಇದಕ್ಕೆ ಎರಡು ಬೇರೆ ಬೇರೆ ಮೂಲಗಳನ್ನು ನೋಡಿ, ಒಂದನ್ನೇ ನಂಬಬೇಡಿ. ಅಮೆರಿಕದ ಅಧಿಕೃತ ಲೇಬಲ್‌ಗಳು ಬಹುಪಾಲು DailyMed ಎಂಬ ಸರ್ಕಾರಿ ಜಾಲತಾಣದಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆಯ ಔಷಧ ವರ್ಗೀಕರಣದಲ್ಲಿ ಬಹುಪಾಲು ವಸ್ತುಗಳಿಗೆ ಒಂದು ATC ಸಂಕೇತವಿರುತ್ತದೆ. ಗ್ಲಿಬೆನ್‌ಕ್ಲಮೈಡ್‌ನ ಸಂಕೇತ A10BB01. ಅಮೆರಿಕದ ಹೆಸರಿನಿಂದ ಹೊರಟರೂ ಊರಿನ ಸ್ಟ್ರಿಪ್ಪಿನ ಹೆಸರಿನಿಂದ ಹೊರಟರೂ ಈ ಒಂದೇ ಸಂಕೇತಕ್ಕೆ ಬಂದು ತಲುಪಿದರೆ ವಸ್ತು ಒಂದೇ ಎಂದು ನಿಶ್ಚಿಂತೆಯಾಗಿ ಹೇಳಬಹುದು. ಒಂದೇ ವಸ್ತುವಿಗೆ ಬಳಕೆಗೆ ತಕ್ಕಂತೆ ಒಂದಕ್ಕಿಂತ ಹೆಚ್ಚು ಸಂಕೇತ ಇರುವುದೂ ಉಂಟು, ಆಗ ಹೆಸರಿನ ಸಾಲನ್ನೂ ಓದಿ.

ಕಿವಿಗೆ ಹತ್ತಿರ ಕೇಳುವ ಹೆಸರನ್ನು ಆರಿಸಿಕೊಳ್ಳುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಸಕ್ಕರೆ ಕಾಯಿಲೆಯ ಔಷಧಗಳಲ್ಲಿ ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್, ಗ್ಲಿಮೆಪಿರೈಡ್ ಎಂದು ಒಂದು ಸಾಲೇ ಇದೆ. ಎಲ್ಲವೂ ಒಂದೇ ಕುಟುಂಬದವು, ಆದರೆ ಪ್ರಮಾಣ ಒಂದೇ ಅಲ್ಲ. ಗ್ಲಿಮೆಪಿರೈಡ್ ಸಾಮಾನ್ಯವಾಗಿ 1 ಅಥವಾ 2 ಮಿಲಿಗ್ರಾಂನಿಂದ ಶುರುವಾಗುತ್ತದೆ. ಗ್ಲೈಬುರೈಡ್ 5 ಎಂದು ಬರೆದದ್ದನ್ನು ಯಾರಾದರೂ ಗ್ಲಿಮೆಪಿರೈಡ್ ಎಂದುಕೊಂಡು ಅಷ್ಟೇ ಮಿಲಿಗ್ರಾಂ ಕೊಟ್ಟರೆ ಏನಾಗಬಹುದು ಎಂದು ಯೋಚಿಸಿ. ಇನ್ನು ಗ್ಲಿಕ್ಲಜೈಡ್ ಅಮೆರಿಕದ ಮಾರುಕಟ್ಟೆಯಲ್ಲೇ ಇಲ್ಲ. ನಮ್ಮಲ್ಲಿಂದ ಅಲ್ಲಿಗೆ ಹೋಗುವವರ ಚೀಟಿಯನ್ನು ಇಂಗ್ಲಿಷಿಗೆ ಮಾಡುವಾಗ ಅದಕ್ಕೆ "ಅಲ್ಲಿಯ ಸಮಾನ ಹೆಸರು" ಹುಡುಕಲು ಹೋಗಬಾರದು, ಇಲ್ಲದ್ದನ್ನು ಸೃಷ್ಟಿಸಿದಂತಾಗುತ್ತದೆ. ಅಂತರರಾಷ್ಟ್ರೀಯ ಹೆಸರನ್ನೂ ಔಷಧದ ಕುಟುಂಬವನ್ನೂ ಬರೆದು, ಈ ಔಷಧ ಆ ದೇಶದಲ್ಲಿ ಮಾರಾಟದಲ್ಲಿಲ್ಲ ಎಂದು ಟಿಪ್ಪಣಿ ಹಾಕಿ. ಬದಲಿ ಯಾವುದು ಎಂದು ಹೇಳುವುದು ವೈದ್ಯರ ಕೆಲಸ.

ಹೆಜ್ಜೆ 4: ಹೆಸರು ಒಂದಾದರೂ ಪವರ್ ಒಂದೇ ಎಂದುಕೊಳ್ಳಬೇಡಿ

ವಸ್ತು ಒಂದೇ ಎಂದು ಗೊತ್ತಾದ ಕೂಡಲೇ ಮನಸ್ಸು ಹಗುರವಾಗುತ್ತದೆ. ಅಲ್ಲೇ ಇನ್ನೊಂದು ಗುಂಡಿ ಇದೆ.

ಗ್ಲೈಬುರೈಡ್ ಅಮೆರಿಕದಲ್ಲಿ ಎರಡು ಬಗೆಯಲ್ಲಿ ಸಿಗುತ್ತದೆ. ಒಂದು ಸಾಧಾರಣ ಮಾತ್ರೆ. ಇನ್ನೊಂದರಲ್ಲಿ ಔಷಧವನ್ನು ಬಹಳ ನುಣುಪಾಗಿ ಅರೆದಿರುತ್ತಾರೆ, ಅದನ್ನು ಕರುಳು ಬೇಗ ಮತ್ತು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಅದಕ್ಕೇ ನುಣುಪು ಬಗೆಯ ಮಾತ್ರೆಗಳು 1.5, 3, 6 ಮಿಲಿಗ್ರಾಂ ಎಂಬ ಬೇರೆ ಅಳತೆಯಲ್ಲಿ ಬರುತ್ತವೆ. ಒಂದಕ್ಕೆ ಬದಲು ಇನ್ನೊಂದನ್ನು ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವಂತಿಲ್ಲ. ಲೇಬಲ್ಲಿನಲ್ಲಿ ಮೈಕ್ರೊನೈಸ್ಡ್ ಎಂಬ ಮಾತಿದ್ದರೆ ಅದನ್ನು ಬಿಡದೆ ಹಾಳೆಗೆ ತನ್ನಿ. ಅಜ್ಜಿಯದು ಸಾಧಾರಣ 5 ಮಿಲಿಗ್ರಾಂ ಮಾತ್ರೆ.

ಇದಕ್ಕೆ ತಿರುಗುಮುರುಗಾದ ಪ್ರಸಂಗ ಅದೇ ಚೀಲದಲ್ಲಿತ್ತು. ಅಮೆರಿಕದ ಆಲ್ಬ್ಯುಟೆರಾಲ್ ಇನ್‌ಹೇಲರಿನ ಮೇಲೆ ಒಂದು ಸಲ ಒತ್ತಿದರೆ 90 ಮೈಕ್ರೋಗ್ರಾಂ ಎಂದಿತ್ತು, ಊರಿನ ಸಾಲ್ಬ್ಯುಟಮಾಲ್ ಇನ್‌ಹೇಲರಿನ ಮೇಲೆ 100 ಮೈಕ್ರೋಗ್ರಾಂ. "ನಮ್ಮದು ಸ್ವಲ್ಪ ಜೋರು ಅಲ್ಲವೇ ಮೇಡಂ?" ಎಂದು ಮಗ ಕೇಳಿದರು. ಅಲ್ಲ. ಅಮೆರಿಕದಲ್ಲಿ ಬಾಯಿಗಿಡುವ ತುದಿಯಿಂದ ಹೊರಬರುವ ಔಷಧವನ್ನು ಅಳೆಯುತ್ತಾರೆ, ನಮ್ಮಲ್ಲಿ ಒಳಗಿನ ಕವಾಟದಿಂದ ಹೊರಡುವುದನ್ನು. ದಾರಿಯಲ್ಲಿ ಒಂದಿಷ್ಟು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣ. ಸಂಖ್ಯೆ ಬೇರೆ ಎಂದು ಎರಡು ಬೇರೆ ಔಷಧ ಎಂದು ಬರೆದರೂ ತಪ್ಪು, ಒಂದು ಸಂಖ್ಯೆಯನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸಿದರೂ ತಪ್ಪು. ಪ್ರತಿ ಲೇಬಲ್ಲಿನ ಸಂಖ್ಯೆಯನ್ನು ಇದ್ದ ಹಾಗೆ ಬರೆದು, ಪಕ್ಕದಲ್ಲಿ ಟಿಪ್ಪಣಿ ಹಾಕಿ.

ಹೆಸರಿನ ಜೊತೆ ಬರುವ ಬಾಲಗಳನ್ನೂ ಬಿಡಬೇಡಿ. ಮೆಟೊಪ್ರೊಲಾಲ್ ಸಕ್ಸಿನೇಟ್ ದಿನಕ್ಕೊಮ್ಮೆ ತೆಗೆದುಕೊಳ್ಳುವ, ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ. ಮೆಟೊಪ್ರೊಲಾಲ್ ಟಾರ್ಟ್ರೇಟ್ ಸಾಮಾನ್ಯವಾಗಿ ದಿನಕ್ಕೆರಡು ಸಲದ್ದು. ಬಾಲ ಕತ್ತರಿಸಿದರೆ ಎರಡೂ ಒಂದಾಗಿ ಕಾಣುತ್ತವೆ.

ಹೆಜ್ಜೆ 5: ವಸ್ತುವಿನ ಹೆಸರಿನಡಿ ಕೂಡಿಸಿ ನೋಡಿ

ಈಗ ಎರಡೂ ಚೀಲಗಳ ಔಷಧವನ್ನು ಬ್ರ್ಯಾಂಡ್ ಬಿಟ್ಟು ಅಂತರರಾಷ್ಟ್ರೀಯ ಹೆಸರಿನಡಿ ಒಟ್ಟು ಮಾಡಿ. ಅಜ್ಜಿಯ ಲೆಕ್ಕ ಹೀಗಿತ್ತು. ಅಮೆರಿಕದ ಚೀಟಿಯ ಪ್ರಕಾರ ಬೆಳಿಗ್ಗೆ ಗ್ಲೈಬುರೈಡ್ 5 ಮಿಲಿಗ್ರಾಂ ಒಂದು, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಬೆಳಿಗ್ಗೆ ಒಂದು, ರಾತ್ರಿ ಒಂದು. ಊರಿನ ಹಳೆಯ ಚೀಟಿಯ ಪ್ರಕಾರ ಎರಡೂ ಸೇರಿದ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು.

ಬೇರೆ ಬೇರೆ ಹೆಸರಲ್ಲಿ ನೋಡಿದಾಗ ಮೂರು ಬಗೆಯ ಮಾತ್ರೆ. ವಸ್ತುವಿನ ಹೆಸರಲ್ಲಿ ಕೂಡಿಸಿದಾಗ ದಿನಕ್ಕೆ ಗ್ಲಿಬೆನ್‌ಕ್ಲಮೈಡ್ 15 ಮಿಲಿಗ್ರಾಂ, ಮೆಟ್‌ಫಾರ್ಮಿನ್ 2000 ಮಿಲಿಗ್ರಾಂ. ಅಮೆರಿಕದ ವೈದ್ಯರು ಬರೆದದ್ದು 5, ಊರಿನ ವೈದ್ಯರು ಬರೆದಿದ್ದದ್ದು 10. ಹದಿನೈದನ್ನು ಯಾವ ವೈದ್ಯರೂ ಬರೆದಿರಲಿಲ್ಲ. ಬೆಳಗಿನ ಒಂದೇ ಹೊತ್ತಿಗೆ 10 ಮಿಲಿಗ್ರಾಂ ಒಳಗೆ ಹೋಗುತ್ತಿತ್ತು. ರಕ್ತದ ಸಕ್ಕರೆ ಮಿತಿಮೀರಿ ಇಳಿದರೆ ನಡುಕವೂ ಬೆವರೂ ಬರುತ್ತವೆ. ಹನ್ನೊಂದು ಗಂಟೆಯ ನಡುಕಕ್ಕೆ ಪ್ರಯಾಣದ ಆಯಾಸ ಕಾರಣವಾಗಿರಲಾರದು ಎಂದು ನನಗೆ ಅನಿಸಿದ್ದು ಆಗ.

ಜ್ವರ, ಮೈಕೈ ನೋವಿನ ಮಾತ್ರೆಗಳಲ್ಲೂ ಇದೇ ಲೆಕ್ಕ ಹಾಕಿ. ಶೀತದ ಮಾತ್ರೆಗಳಲ್ಲಿ, ಮಲಗುವಾಗ ತೆಗೆದುಕೊಳ್ಳುವ ನೋವಿನ ಮಾತ್ರೆಗಳಲ್ಲಿ ಅಸಿಟಮಿನೊಫೆನ್ ಅಡಗಿರುತ್ತದೆ. ಅದರ ಮೇಲೆ ಊರಿನ ಪ್ಯಾರಾಸಿಟಮಾಲ್ ಬಿದ್ದರೆ ದಿನಕ್ಕೆ 4000 ಮಿಲಿಗ್ರಾಂ ಮೀರಿ ಯಕೃತ್ತಿಗೆ ಪೆಟ್ಟು ಬೀಳುವುದು ಕಷ್ಟವೇನಲ್ಲ.

ಹೆಜ್ಜೆ 6: ವೈದ್ಯರಿಗೆ ಪ್ರಶ್ನೆಯಾಗಿ ಬರೆಯಿರಿ, ಕಾದು ಕೂರಬೇಡಿ

ಅನುವಾದಕರು ಮಾತ್ರೆ ನಿಲ್ಲಿಸಿ ಎಂದು ಹೇಳುವಂತಿಲ್ಲ. ನಾಳೆ ನೋಡೋಣ ಎಂದು ಸುಮ್ಮನಿರುವಂತೆಯೂ ಇಲ್ಲ. ನಾನು ಒಂದು ಹಾಳೆಯಲ್ಲಿ ನಾಲ್ಕೇ ಸಾಲು ಬರೆದೆ: ಎರಡು ಡಬ್ಬಿಗಳ ಹೆಸರು, ಎರಡೂ ಒಂದೇ ವಸ್ತು ಎಂಬುದು, ದಿನದ ಒಟ್ಟು ಪ್ರಮಾಣ, ಹನ್ನೊಂದು ಗಂಟೆಯ ಬೆವರು ಮತ್ತು ನಡುಕ. ಅಲ್ಲೇ ಕುಳಿತು ಮಗ ಅವರ ವೈದ್ಯರಿಗೆ ಫೋನ್ ಮಾಡಿದರು. ಸಂಜೆಯ ಮಾತ್ರೆ ಕೊಡಬೇಡಿ, ಈಗಲೇ ಸಕ್ಕರೆ ಪರೀಕ್ಷೆ ಮಾಡಿಸಿ ಕರೆತನ್ನಿ ಎಂದು ವೈದ್ಯರು ಹೇಳಿದರು.

ಈ ಆತುರಕ್ಕೆ ಕಾರಣವಿದೆ. ಗ್ಲಿಬೆನ್‌ಕ್ಲಮೈಡ್ ವಯಸ್ಸಾದವರ ಮೈಯಲ್ಲಿ, ಅದರಲ್ಲೂ ಮೂತ್ರಪಿಂಡ ಮಂದವಾಗಿರುವವರಲ್ಲಿ, ಬಹಳ ಹೊತ್ತು ಉಳಿಯುತ್ತದೆ. ಬೆಲ್ಲ ತಿಂದಾಗ ಏರಿದ ಸಕ್ಕರೆ ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಬಹುದು, ರಾತ್ರಿ ನಿದ್ದೆಯಲ್ಲಿ ಇಳಿದರೆ ಯಾರಿಗೂ ತಿಳಿಯುವುದಿಲ್ಲ. ರೋಗಿ ಮಂಕಾಗಿ ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಅಜ್ಜಿಯ ವಿಷಯದಲ್ಲಿ ವೈದ್ಯರು ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸಿ, ಈ ವಯಸ್ಸಿಗೆ ಗ್ಲಿಬೆನ್‌ಕ್ಲಮೈಡ್ ಬೇಡವೆಂದು ಎರಡೂ ಕಡೆಯದನ್ನು ನಿಲ್ಲಿಸಿ ಹೊಸ ಚೀಟಿ ಬರೆದರು. ನಾನು ಕನ್ನಡ ಮಾಡಿದ್ದು ಆ ಹೊಸ ಚೀಟಿಯನ್ನು.

ಹೆಜ್ಜೆ 7: ಕನ್ನಡದಲ್ಲಿ ಬರೆಯುವಾಗ

ಕನ್ನಡಕ್ಕೆ ಬಂದಾಗ ನಮ್ಮ ಲಿಪಿಯದೇ ಕೆಲವು ತೊಡಕುಗಳು ಸೇರಿಕೊಳ್ಳುತ್ತವೆ. ಔಷಧದ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಆದ್ದರಿಂದ ಕನ್ನಡದ ಹೆಸರಿನ ಜೊತೆಗೆ ಸ್ಟ್ರಿಪ್ಪಿನಲ್ಲಿರುವ ಇಂಗ್ಲಿಷ್ ಹೆಸರನ್ನೂ ಅಕ್ಷರಕ್ಕೆ ಅಕ್ಷರ ನೋಡಿಕೊಂಡು ಬರೆಯಿರಿ. ಔಷಧ ಅಂಗಡಿಯವರು ಹೊಂದಿಸಿ ನೋಡುವುದು ಅದನ್ನೇ.

ಅಳತೆಯಲ್ಲಿ ನಾನು ಸಂಕ್ಷೇಪಗಳನ್ನು ಪೂರ್ತಿ ಬಿಟ್ಟಿದ್ದೇನೆ. ಮಿಲಿಗ್ರಾಂ ಅನ್ನು "ಮಿ.ಗ್ರಾಂ" ಎಂದೂ ಮೈಕ್ರೋಗ್ರಾಂ ಅನ್ನು "ಮೈ.ಗ್ರಾಂ" ಎಂದೂ ಬರೆದರೆ ನಡುವೆ ಇರುವುದು ಒಂದು ಸ್ವರದ ಗುರುತು, ಅಳತೆಯ ವ್ಯತ್ಯಾಸ ಸಾವಿರ ಪಟ್ಟು. ಅಜ್ಜಿಯ ಥೈರಾಯ್ಡ್ ಡಬ್ಬಿಯಲ್ಲಿ ಲೀವೊಥೈರಾಕ್ಸಿನ್ 50 ಮೈಕ್ರೋಗ್ರಾಂ ಎಂದೂ ಅದರ ಕೆಳಗೆ 0.05 ಮಿಲಿಗ್ರಾಂ ಎಂದೂ ಇತ್ತು. ಎರಡೂ ಒಂದೇ. ಹಾಳೆಯಲ್ಲಿ ಬಿಂದುವಿಲ್ಲದ ಮೊದಲನೆಯದನ್ನೇ, ಪೂರ್ತಿ ಪದದಲ್ಲಿ ಬರೆದೆ. ಬಿಂದುವಿನ ನಂತರ ವ್ಯರ್ಥ ಸೊನ್ನೆ ಬೇಡ: 5.0 ಎಂದು ಬರೆದ ಬಿಂದು ಝೆರಾಕ್ಸ್‌ನಲ್ಲಿ ಮಾಸಿದರೆ 50 ಆಗುತ್ತದೆ. ಕನ್ನಡದ ಅಂಕಿಗಳ ಮೇಲೆ ನನಗೆ ಬಹಳ ಪ್ರೀತಿ, ಆದರೆ ಔಷಧದ ಹಾಳೆಯಲ್ಲಿ ಬಳಸುವುದಿಲ್ಲ. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ತರಹ, ಸ್ಟ್ರಿಪ್ಪಿನ ಮೇಲಿರುವುದು ಇಂಗ್ಲಿಷ್ ಅಂಕಿ.

ಹೊತ್ತಿನ ಮಾತಿನಲ್ಲೂ ಎಚ್ಚರ ಬೇಕು. ಅಲ್ಲಿಯ ಚೀಟಿಯಲ್ಲಿ ಬೆಳಗಿನ ಉಪಾಹಾರದ ಜೊತೆ ಎಂದಿರುತ್ತದೆ. ಅಜ್ಜಿ ಆರು ಗಂಟೆಗೆ ಕಾಫಿ ಕುಡಿದು, ಹೂವು ಬಿಡಿಸಿ, ಪೂಜೆ ಮುಗಿಸಿ ಒಂಬತ್ತೂವರೆಗೆ ಮುದ್ದೆ ಉಣ್ಣುವವರು. ಅವರು ಮಾತ್ರೆಯನ್ನು ಕಾಫಿಯ ಜೊತೆ ನುಂಗುತ್ತಿದ್ದರು, ಬೆಳಗಿನ ಮೊದಲ ಆಹಾರ ಅದೇ ಅಲ್ಲವೇ ಎಂದು. ಸೋಮವಾರ ಒಪ್ಪೊತ್ತು ಬೇರೆ. ನಾನು ಆ ದಿನಚರಿಯನ್ನೂ ವೈದ್ಯರಿಗೆ ಬರೆದು ಕೇಳಿ, ಅವರು ಹೇಳಿದ ಮೇಲೆ "ಮುದ್ದೆ ಉಣ್ಣುವಾಗ" ಎಂದೇ ಹಾಳೆಯಲ್ಲಿ ಬರೆದೆ.

ಹಾಳೆಯ ಒಂದು ನಮೂದು ಕೊನೆಗೆ ಹೀಗೆ ಬಂತು:

ಸಾಲ್ಬ್ಯುಟಮಾಲ್ ಇನ್‌ಹೇಲರ್.
ಅಮೆರಿಕದ ಡಬ್ಬಿಯಲ್ಲಿ ಇದರ ಹೆಸರು ಆಲ್ಬ್ಯುಟೆರಾಲ್, 90 ಮೈಕ್ರೋಗ್ರಾಂ. ಇಲ್ಲಿಯ ಡಬ್ಬಿಯಲ್ಲಿ ಸಾಲ್ಬ್ಯುಟಮಾಲ್, 100 ಮೈಕ್ರೋಗ್ರಾಂ. ಎರಡೂ ಒಂದೇ ಔಷಧ.
ಉಸಿರು ಕಟ್ಟಿದಾಗ ಮಾತ್ರ, 2 ಸಲ ಎಳೆದುಕೊಳ್ಳಿ.
ಎರಡು ಡಬ್ಬಿಯನ್ನು ಒಟ್ಟಿಗೆ ಬಳಸಬೇಡಿ. ಒಂದು ಮುಗಿದ ಮೇಲೆ ಇನ್ನೊಂದು.

ಎರಡೂ ಹೆಸರು ಒಂದೇ ಕಡೆ ಇರುವುದು ಮುಖ್ಯ. ನಾಳೆ ಮಗಳು ಅಲ್ಲಿಂದ ಇನ್ನೊಂದು ಡಬ್ಬಿ ಕಳಿಸಿದರೆ, ಅದರ ಮೇಲಿನ ಹೆಸರನ್ನು ಅಜ್ಜಿ ಈ ಹಾಳೆಯಲ್ಲಿ ಕಾಣಬೇಕು.

ಹೆಜ್ಜೆ 8: ಓದಿಸಿ ಕೇಳಿ

ಹಾಳೆಯನ್ನು ನೀವೇ ಓದಿ ಸರಿಯಿದೆ ಎನ್ನಬೇಡಿ, ಬರೆದವರ ಕಣ್ಣು ತಾನು ಬರೆಯಬೇಕೆಂದುಕೊಂಡದ್ದನ್ನೇ ಓದುತ್ತದೆ. ಒಬ್ಬರು ಕನ್ನಡದ ಹಾಳೆಯನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಇಂಗ್ಲಿಷ್ ಚೀಟಿಯನ್ನು ಕೈಯಲ್ಲಿ ಹಿಡಿದು ಸಂಖ್ಯೆ ಸಂಖ್ಯೆಯಾಗಿ ಹೊಂದಿಸಲಿ. ಆಮೇಲೆ ನುಂಗುವವರೇ ಓದಿ, ಓದಿದ ಮಾತ್ರೆಯನ್ನು ಚೀಲದಿಂದ ತೆಗೆದು ತೋರಿಸಲಿ.

ನಾನು ಮರುವಾರ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಅಜ್ಜಿಯ ಮುಂದೆ ಹಾಳೆ ಇಟ್ಟೆ. ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲು ಓದಿ, ಒಂದೊಂದೇ ಡಬ್ಬಿ ಎತ್ತಿ ಪಕ್ಕಕ್ಕಿಟ್ಟರು. ಮೂರನೆಯ ಸಾಲಿನಲ್ಲಿ ನಿಂತರು. "ಇದರಲ್ಲಿ ರಾತ್ರಿ ಎಂದಿದೆಯಲ್ಲಮ್ಮ, ಊಟಕ್ಕೆ ಮುಂಚೆಯೋ ಆಮೇಲೋ?" ಮೆಟ್‌ಫಾರ್ಮಿನ್ ಸಾಲಿನಲ್ಲಿ "ಊಟದ ಜೊತೆ" ಎಂಬುದನ್ನು ನಾನು ಬಿಟ್ಟಿದ್ದೆ. ವೈದ್ಯರ ಚೀಟಿಯಲ್ಲಿ ಅದಿತ್ತು. ಅಲ್ಲೇ ಪೆನ್ನಿನಲ್ಲಿ ತಿದ್ದದೆ, ತುಮಕೂರಿಗೆ ಮರಳಿ ಹೊಸ ಹಾಳೆ ಮಾಡಿ, ಮೇಲೆ ತಾರೀಖು ಹಾಕಿ ಕಳಿಸಿದೆ. ಹಳೆಯ ಹಾಳೆಯನ್ನು ಹರಿದು ಒಲೆಗೆ ಹಾಕಿದ್ದಾಗಿ ಮಗ ಫೋನಿನಲ್ಲಿ ಹೇಳಿದರು.